ಗುಂಡಿ ತುಂಬಿದಾಗ ನೆನಪಾಗೋದು ನಮ್ಮ ಓಣಿ



ಹೋದ ಮಳೆಗಾಲದ ಒಂದು ಸಂಜೆ. ಕಚೇರಿ ಮುಗಿಸಿ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದೆ. ನನ್ನ ಜೊತೆ ಕೆಲಸ ಮಾಡುವ ಹಿರಿಯರೊಬ್ಬರ ಫೋನ್ ಬಂತು. ಕೆಟ್ಟ ಮನುಷ್ಯ ಅಲ್ಲ. ಅಂಬೇಡ್ಕರ್ ಜಯಂತಿಗೆ ಪ್ರತಿ ವರ್ಷ ಪಟ್ಟಿ ಕೊಡೋರು, ನನ್ನ ಡಬ್ಬಿಯೊಳಗಿನ ರೊಟ್ಟಿ ಹಂಚಿಕೊಂಡು ತಿನ್ನೋರು.

“ಏನಪಾ, ಬ್ಯಾಸರಾ ಮಾಡ್ಕೋಬ್ಯಾಡ. ನಮ್ಮ ಸಂಡಾಸದ ಗುಂಡಿ ತುಂಬಿ ಹೊಳ್ಳಿ ಬರಾಕತ್ತೈತಿ. ನಮ್ಮ ಸಂದಿಯೊಳಗ ಟ್ಯಾಂಕರ್ ಬರಂಗಿಲ್ಲ. ನಿಮ್ಮ ಓಣ್ಯಾಗ ಯಾರರ ತಗಿಯೋರು ಅದಾರೇನು? ರೊಕ್ಕ ಎಷ್ಟರ ಆಗಲಿ.”

ನಾನು ಬಿಎ ಓದಿದವನು. ಇಪ್ಪತ್ತು ವರ್ಷದಿಂದ ಅವರ ಪಕ್ಕದ ಟೇಬಲ್ಲಿನಲ್ಲಿ ಫೈಲು ನೋಡ್ತಾ ಇದ್ದೀನಿ. ಆದರೂ ಗುಂಡಿ ತುಂಬಿದ ದಿನ ಅವರಿಗೆ ನೆನಪಾಗಿದ್ದು ನನ್ನ ಓಣಿ. ಸಿಟ್ಟು ಬಂತು. ಆದರೆ ಅದಕ್ಕಿಂತ ಹೆಚ್ಚು ಒಂದು ಪ್ರಶ್ನೆ ತಲೆಯಲ್ಲಿ ಕೂತಿತು. ಸಂಪಗಾಂವ ಸೀಮೆಯ ನಮ್ಮ ಹಳ್ಳಿಯಲ್ಲಿ ನನ್ನ ಅಜ್ಜ ಸತ್ತ ದನ ಎಳೆದಿದ್ದಾನೆ, ಹಲಗಿ ಬಾರಿಸಿದ್ದಾನೆ, ಬಿಟ್ಟಿ ಚಾಕರಿ ಮಾಡಿದ್ದಾನೆ. ಆದರೆ ಯಾರ ಮನೆಯ ಮಲವನ್ನೂ ಎತ್ತಿಲ್ಲ. ಯಾಕಂದ್ರೆ ಎತ್ತಲು ಸಂಡಾಸವೇ ಇರಲಿಲ್ಲ. ಗೌಡರಿಂದ ಹಿಡಿದು ನಮ್ಮವರ ತನಕ ಎಲ್ಲರೂ ಚರಿಗಿ ಹಿಡಿದು ಹೊಲದ ಕಡೆ ಹೋಗೋರು. ತಲೆ ಮೇಲೆ ಮಲ ಹೊರುವ ಕೆಲಸ ಪಟ್ಟಣದ್ದು, ಬುಟ್ಟಿ ಪಾಯಖಾನೆ ಇದ್ದ ಕಡೆಯದ್ದು.

ಅಂದ್ರೆ ನಮ್ಮ ಅಜ್ಜ ಮಾಡದ ಕೆಲಸ, ಸ್ವಚ್ಛತೆಯ ಆಂದೋಲನ ಆದಮೇಲೆ, ನಮ್ಮ ಓಣಿಯನ್ನು ಹುಡುಕಿಕೊಂಡು ಬರ್ತಾ ಇದೆ. ಇದು ಹೇಗಾಯ್ತು ಅನ್ನೋದೇ ಇವತ್ತಿನ ಬರಹ. ಸ್ವಲ್ಪ ಉದ್ದ ಇದೆ, ಸಮಾಧಾನದಿಂದ ಓದಿ.

ಕಥೆ ನಮ್ಮ ಜಿಲ್ಲೆಯಿಂದ ದೂರದಲ್ಲಿ ಶುರುವಾಗುತ್ತೆ. 1950ರ ದಶಕದ ಆರಂಭದಲ್ಲಿ ಅಮೆರಿಕಾದ ವೀಬ್ ಎಂಬ ಸಂಶೋಧಕ ಒಂದು ಪ್ರಶ್ನೆ ಎತ್ತಿದ. ಸೋಪು ಮಾರಿದ ಹಾಗೆ ಬಂಧುತ್ವವನ್ನೂ ಯಾಕೆ ಮಾರಬಾರದು ಅಂತ. 1971ರಲ್ಲಿ ಫಿಲಿಪ್ ಕೋಟ್ಲರ್ ಮತ್ತು ಜೆರಾಲ್ಡ್ ಝಾಲ್ಟ್‌ಮನ್ ಇದಕ್ಕೆ ಸೋಷಿಯಲ್ ಮಾರ್ಕೆಟಿಂಗ್ ಅಂತ ಹೆಸರಿಟ್ಟರು. ಜನರ ಒಳಿತಿನ ರೂಢಿಯೊಂದನ್ನು ಹರಡಬೇಕಾದರೆ ಉಪದೇಶ ಸಾಲದು, ಅಂಗಡಿಯವನು ಯೋಚಿಸುವ ಹಾಗೆ ಯೋಚಿಸಬೇಕು ಅನ್ನೋದು ಅವರ ಮಾತು. ನಾಲ್ಕು ಪ್ರಶ್ನೆ ಕೇಳಬೇಕು. ಕೊಡ್ತಾ ಇರೋ ವಸ್ತು ಏನು? ಅದಕ್ಕೆ ಜನ ತೆರುವ ಬೆಲೆ ಏನು? ಅದು ಕೈಗೆ ಎಲ್ಲಿ ಸಿಗುತ್ತೆ? ಅದರ ಬಗ್ಗೆ ಹೇಗೆ ಹೇಳಬೇಕು?

ಈ ಪುಸ್ತಕದ ಹೆಸರು ಹುಟ್ಟುವ ಮೊದಲೇ ನಮ್ಮ ದೇಶ ಇದನ್ನು ಮಾಡಿ ತೋರಿಸಿತ್ತು. 1968ರಲ್ಲಿ ಸರ್ಕಾರ ನಿರೋಧ್ ತಂದಿತು. ಮೂರಕ್ಕೆ 15 ಪೈಸೆ. ಚಹಾ, ಸೋಪು, ಸಿಗರೇಟು, ಬ್ಯಾಟರಿ ಸೆಲ್ಲು ಮಾರುವ ಕಂಪನಿಗಳ ಗಾಡಿಗಳಲ್ಲೇ ಅದನ್ನೂ ಹಳ್ಳಿಯ ಕಿರಾಣಿ ಅಂಗಡಿಗೆ ಮುಟ್ಟಿಸಿದರು. ಆಸ್ಪತ್ರೆಗೆ ಹೋಗಿ ಕೇಳಲು ನಾಚುವ ಮನುಷ್ಯ ಬೀಡಿ ಕೊಳ್ಳುವಾಗ ಅದನ್ನೂ ಕೊಂಡ. ಇಲ್ಲಿ ಬೆಲೆ ಅಂದ್ರೆ 15 ಪೈಸೆ ಮಾತ್ರ ಅಲ್ಲ, ನಾಚಿಕೆಯೂ ಬೆಲೆಯೇ ಅನ್ನೋದನ್ನು ಯೋಜನೆ ಮಾಡಿದವರು ಅರಿತಿದ್ದರು. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ. ರೊಕ್ಕದ ಆಚೆ ಜನ ಮನಸ್ಸಿನಲ್ಲಿ ತೆರುವ ಬೆಲೆ ಯಾವುದು ಅಂತ ಗೊತ್ತಾಗದೆ ಯಾವ ಪ್ರಚಾರವೂ ಗೆಲ್ಲೋದಿಲ್ಲ.

ಈಗ ಸಂಡಾಸಕ್ಕೆ ಬರೋಣ. 1986ರಲ್ಲಿ ಕೇಂದ್ರ ಗ್ರಾಮೀಣ ನೈರ್ಮಲ್ಯ ಕಾರ್ಯಕ್ರಮ ಬಂತು. ಸರ್ಕಾರ ಸಹಾಯಧನ ಕೊಟ್ಟು ಕಟ್ಟಿಸಿತು, ಜನ ಅದರಲ್ಲಿ ಕಟ್ಟಿಗೆ, ಕುಳ್ಳು ತುಂಬಿಟ್ಟರು. ಅದರಿಂದ ಪಾಠ ಕಲಿತು 1999ರಲ್ಲಿ ಸಂಪೂರ್ಣ ಸ್ವಚ್ಛತಾ ಆಂದೋಲನ ತಂದರು. ಕಟ್ಟಿಸೋದಕ್ಕಿಂತ ಮೊದಲು ಜನರಲ್ಲಿ ಬೇಡಿಕೆ ಹುಟ್ಟಿಸಬೇಕು ಅಂದರು. 2003ರಲ್ಲಿ ನಿರ್ಮಲ ಗ್ರಾಮ ಪುರಸ್ಕಾರ ಘೋಷಿಸಿದರು. 2012ರಲ್ಲಿ ನಿರ್ಮಲ ಭಾರತ, 2014ರ ಅಕ್ಟೋಬರ್ 2ರಂದು ಸ್ವಚ್ಛ ಭಾರತ. ಮನೆಗೆ 12,000 ರೂಪಾಯಿ, ನಮ್ಮ ರಾಜ್ಯದಲ್ಲಿ ಪರಿಶಿಷ್ಟರಿಗೆ 15,000. ಪ್ರಚಾರಕ್ಕೆ ಅಂತಲೇ ಒಟ್ಟು ಹಣದ ನೂರಕ್ಕೆ 8ರಷ್ಟು ಪಾಲು.

ಆ ಪ್ರಚಾರ ಏನು ಹೇಳಿತು? ನಮ್ಮ ಊರಿನ ಗೋಡೆಗಳನ್ನು ನೆನಪಿಸಿಕೊಳ್ಳಿ. ಹೆಣ್ಣುಮಕ್ಕಳ ಮಾನ, ಸೊಸೆಯ ಮರ್ಯಾದೆ, ಮನೆತನದ ಗೌರವ. ತಲೆ ಮೇಲೆ ಸೆರಗು ಹೊದ್ದ ಹೆಂಗಸಿನ ಚಿತ್ರ, ಪಕ್ಕದಲ್ಲಿ ಸಂಡಾಸದ ಬಾಗಿಲು. 2017ರಲ್ಲಿ ಅಮಿತಾಭ್ ಬಚ್ಚನ್ ಟಿವಿಯಲ್ಲಿ ಬಾಗಿಲು ಮುಚ್ಚಿ ಅಂದರು. ಎಲ್ಲ ಮಾತೂ ಬಾಗಿಲ ಬಗ್ಗೆ, ಮಾನದ ಬಗ್ಗೆ. ಗುಂಡಿಯ ಬಗ್ಗೆ ಗೋಡೆ ಮೇಲೆ ಒಂದು ಮಾತೂ ನಾನು ನೋಡಲಿಲ್ಲ.

ಮನಸ್ಸಿನ ಬೆಲೆ ಇದ್ದಿದ್ದು ಮಾತ್ರ ಗುಂಡಿಯಲ್ಲೇ. ಡಯೇನ್ ಕಾಫಿ, ಡೀನ್ ಸ್ಪಿಯರ್ಸ್ ಮತ್ತು ಅವರ ಗೆಳೆಯರು 2013–14ರಲ್ಲಿ ಉತ್ತರದ ಐದು ರಾಜ್ಯಗಳ ಹಳ್ಳಿಗಳಲ್ಲಿ ಮನೆಮನೆ ಸಮೀಕ್ಷೆ ಮಾಡಿದರು. ಕೆಲಸಕ್ಕೆ ಬರುವ ಸಂಡಾಸ ಇದ್ದ ಮನೆಗಳಲ್ಲೂ ನೂರಕ್ಕೆ 40ಕ್ಕಿಂತ ಹೆಚ್ಚು ಮನೆಗಳಲ್ಲಿ ಒಬ್ಬರಾದರೂ ಬಯಲಿಗೆ ಹೋಗ್ತಾ ಇದ್ದರು. ಬಡತನ, ನೀರಿನ ಕೊರತೆ ಇದಕ್ಕೆ ಪೂರ್ತಿ ಉತ್ತರ ಅಲ್ಲ ಅಂತ ಅವರು ತೋರಿಸಿದರು. ನಮಗಿಂತ ಬಡ ದೇಶಗಳಲ್ಲಿ ಜನ ಸಣ್ಣ ಗುಂಡಿಯ ಸಂಡಾಸ ಕಟ್ಟಿಕೊಂಡು ಬಳಸ್ತಾರೆ. ನಮ್ಮಲ್ಲಿ ಮಾತ್ರ ಸಣ್ಣ ಗುಂಡಿ ಅಂದ್ರೆ ಜನ ಹೆದರ್ತಾರೆ. ಅದು ತುಂಬಿದರೆ ತೆಗೆಯೋರು ಯಾರು? ತಾವು ಮುಟ್ಟಿದರೆ ಜಾತಿ ಕೆಡುತ್ತೆ, ಮುಟ್ಟುವ ಜಾತಿಯವರು ಈಗ ಕರೆದರೆ ಬರೋದಿಲ್ಲ. ಅದಕ್ಕೇ ಎರಡೇ ದಾರಿ: ಜನ್ಮದಲ್ಲಿ ತುಂಬದಷ್ಟು ದೊಡ್ಡ ಗುಂಡಿ ತೋಡೋದು, ಇಲ್ಲಾಂದ್ರೆ ಬಯಲಿಗೆ ಹೋಗೋದು. ಆ ಸಮೀಕ್ಷೆಯಲ್ಲಿ ಕರ್ನಾಟಕ ಇರಲಿಲ್ಲ. ಆದರೆ ಬೈಲಹೊಂಗಲ, ಸವದತ್ತಿ ಕಡೆಯ ಯಾವ ಗೌಂಡಿಯನ್ನಾದರೂ ಕೇಳಿ ನೋಡಿ. “ಎಷ್ಟ ಆಳ ತೋಡ್ಲಿ” ಅಂದ್ರೆ ಮನೆಯವರು ಕೊಡುವ ಉತ್ತರ ಒಂದೇ: “ಮಕ್ಕಳ ಕಾಲಕ್ಕೂ ತುಂಬಬಾರದು.”

ಸೋಷಿಯಲ್ ಮಾರ್ಕೆಟಿಂಗ್ ಗೊತ್ತಿರುವವರು ಇಲ್ಲಿ ಮೊದಲು ಕಿವಿಗೊಡಬೇಕಿತ್ತು. ಜನರಿಗೆ ತೊಡಕಾಗಿರುವುದು ಯಾವುದು ಅಂತ ಕೇಳದೆ ಸಂದೇಶ ಬರೆಯಬಾರದು ಅನ್ನೋದು ಆ ವಿದ್ಯೆಯ ಮೊದಲ ಪಾಠ. ತೊಡಕು ಜಾತಿಯಾಗಿತ್ತು. ಸಂದೇಶ ಸೊಸೆಯ ಸೆರಗಿನದ್ದಾಯ್ತು.

ವಿಚಿತ್ರ ಏನಂದ್ರೆ ಆ ತೊಡಕಿಗೆ ಉತ್ತರ ಸರ್ಕಾರದ ಕೈಯಲ್ಲೇ ಇತ್ತು. ಅದರ ಹೆಸರು ಎರಡು ಗುಂಡಿಯ ಸಂಡಾಸ. ಇದರ ಲೆಕ್ಕ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ನಮ್ಮ ಕಾರ್ಯಕರ್ತರಿಗೇ ಇದು ಗೊತ್ತಿಲ್ಲ.

ಒಂದೊಂದು ಗುಂಡಿ 3 ಅಡಿ ಅಗಲ, 4 ಅಡಿ ಆಳ. ಎರಡರ ನಡುವೆ ಮೂರು ಅಡಿಯಷ್ಟು ಅಂತರ. ಸುತ್ತ ಇಟ್ಟಿಗೆ ಗೋಡೆ, ಅದರಲ್ಲಿ ಜೇನುಗೂಡಿನ ಹಾಗೆ ಸಂದು. ತಳಕ್ಕೆ ಸಿಮೆಂಟ್ ಹಾಕಬಾರದು, ನೀರು ಮತ್ತು ಗಾಳಿ ಮಣ್ಣಿಗೆ ಹೋಗಬೇಕು. ಸಂಡಾಸದಿಂದ ಬರುವ ಪೈಪು ಒಂದು ಸಣ್ಣ ಚೇಂಬರಿಗೆ ಬರುತ್ತೆ. ಅಲ್ಲಿಂದ ಕವಲೊಡೆದು ಎರಡೂ ಗುಂಡಿಗೆ ದಾರಿ. ಒಂದು ಕಾಲಕ್ಕೆ ಒಂದೇ ದಾರಿ ತೆರೆದಿರಬೇಕು, ಇನ್ನೊಂದರ ಬಾಯಿಗೆ ಇಟ್ಟಿಗೆ ಇಟ್ಟು ಮಣ್ಣು ಮೆತ್ತಿ ಮುಚ್ಚಿರಬೇಕು. ಒಬ್ಬ ಮನುಷ್ಯನ ಮಲ ಗುಂಡಿಯಲ್ಲಿ ಕಳಿತು ಉಳಿಯೋದು ವರ್ಷಕ್ಕೆ ಸುಮಾರು 40 ಲೀಟರ್. ಐದು ಜನರ ಮನೆಗೆ 200 ಲೀಟರ್. ಆ ಗುಂಡಿಯಲ್ಲಿ ಹಿಡಿಯೋದು ಸುಮಾರು 800 ಲೀಟರ್. ಅಂದ್ರೆ ನಾಲ್ಕು ವರ್ಷ. ತುಂಬಿದ ಮೇಲೆ ಅದರ ದಾರಿ ಮುಚ್ಚಿ ಎರಡನೇದಕ್ಕೆ ತೆರೀಬೇಕು. ಮೊದಲನೇದನ್ನು ಎರಡು ವರ್ಷ ಮುಟ್ಟದೆ ಬಿಟ್ಟರೆ ಅದು ಕರಿ ಮಣ್ಣಿನ ಪುಡಿಯಾಗುತ್ತೆ. ವಾಸನೆ ಇರೋದಿಲ್ಲ, ರೋಗದ ಭಯ ಇರೋದಿಲ್ಲ. ಮನೆಯ ಯಜಮಾನನೇ ಸಲಿಕೆ ಹಿಡಿದು ತೆಗೆದು ಹೊಲಕ್ಕೆ ಗೊಬ್ಬರ ಹಾಕಬಹುದು.

ಇದನ್ನು ಕಾನೂನಿನ ಪಕ್ಕ ಇಟ್ಟು ನೋಡಿ. 2013ರ ಮಲ ಹೊರುವ ಪದ್ಧತಿ ನಿಷೇಧ ಕಾಯ್ದೆಯ ವ್ಯಾಖ್ಯಾನದಲ್ಲಿ ಒಂದು ಮಾತಿದೆ. ಮಲ ಪೂರ್ತಿ ಕಳಿತು ಹೋಗುವ ಮೊದಲು ಅದನ್ನು ಮನುಷ್ಯರ ಕೈಯಿಂದ ತೆಗೆಸಬಾರದು ಅಂತ. ಎರಡು ಗುಂಡಿ ಕೊಡೋದು ಆ ‘ಪೂರ್ತಿ ಕಳಿಯುವ’ ಸಮಯವನ್ನೇ. ಅಂದ್ರೆ ಆ ಎರಡನೇ ಗುಂಡಿ ನಮ್ಮ ಬಿಡುಗಡೆಯ ಗುಂಡಿ. ಜಾತಿ ಬೇಕಾಗದ ಸಂಡಾಸ ಅದು. ಮಾರಬೇಕಿದ್ದ ಗುಣ ಇದೊಂದೇ ಆಗಿತ್ತು: ‘ಇದನ್ನು ಯಾರನ್ನೂ ಕರೆಯದೆ ನೀವೇ ತೆಗೀಬಹುದು.’ ಆದರೆ ಹೀಗೆ ಹೇಳಬೇಕಾದರೆ ಮೇಲ್ಜಾತಿಯವನಿಗೆ ‘ನೀನೇ ತೆಗಿ’ ಅಂತ ಹೇಳಬೇಕು. ಆ ಧೈರ್ಯ ಗೋಡೆ ಬರಹ ಬರೆಸಿದವರಿಗೆ ಇರಲಿಲ್ಲ.

ತಡವಾಗಿಯಾದರೂ ಒಮ್ಮೆ ಆ ಮಾತು ಬಂತು. 2017ರ ಫೆಬ್ರವರಿಯಲ್ಲಿ ತೆಲಂಗಾಣದ ವರಂಗಲ್ ಕಡೆಯ ಗಂಗದೇವಿಪಲ್ಲಿಯಲ್ಲಿ ಕೇಂದ್ರದ ಕಾರ್ಯದರ್ಶಿ ಪರಮೇಶ್ವರನ್ ಅಯ್ಯರ್ ತಾವೇ ಗುಂಡಿಗೆ ಇಳಿದು ಗೊಬ್ಬರ ತೆಗೆದರು. ಬೇರೆ ಬೇರೆ ರಾಜ್ಯದ ಅಧಿಕಾರಿಗಳೂ ಇಳಿದರು. ನಡವಳಿಕೆ ಬದಲಾವಣೆಯ ಪಾಠದಲ್ಲಿ ಇದಕ್ಕಿಂತ ಒಳ್ಳೆ ಉದಾಹರಣೆ ಇಲ್ಲ. ಭಾಷಣ ಅಲ್ಲ, ಕಣ್ಣೆದುರು ಮಾಡಿ ತೋರಿಸೋದು. ಅದೂ ದಲಿತನ ಕೈಯಿಂದ ಅಲ್ಲ, ದೊಡ್ಡ ಹುದ್ದೆಯ ಬ್ರಾಹ್ಮಣ ಹೆಸರಿನ ಮನುಷ್ಯನ ಕೈಯಿಂದ. ಆಮೇಲೆ ಅಕ್ಷಯ್ ಕುಮಾರ್ ಕೂಡ ಎರಡು ಗುಂಡಿಯ ಜಾಹೀರಾತಿಗೆ ಬಂದರು. ಆದರೆ ಅಷ್ಟೊತ್ತಿಗೆ ಮೂರು ವರ್ಷ ಕಳೆದಿತ್ತು. ಲಕ್ಷಾಂತರ ಮನೆಗಳಲ್ಲಿ ಗುಂಡಿ ತೋಡಿ ಮುಗಿದಿತ್ತು. ಗುಂಡಿ ಅನ್ನೋದು ಸೋಪಿನ ಹಾಗೆ ಮುಂದಿನ ತಿಂಗಳು ಬದಲಾಯಿಸುವ ವಸ್ತು ಅಲ್ಲ. ಒಮ್ಮೆ ತಪ್ಪು ತೋಡಿದರೆ ಇಪ್ಪತ್ತು ವರ್ಷ ಆ ತಪ್ಪು ನೆಲದಲ್ಲೇ ಇರುತ್ತೆ.

ಇನ್ನೊಂದು ಕಡೆ ನಾಚಿಕೆಯ ದಾರಿ ಹಿಡಿದರು. ಇದರ ಮೂಲ ಬಾಂಗ್ಲಾದೇಶ. 1999–2000ರ ಹೊತ್ತಿಗೆ ಕಮಲ್ ಕರ್ ಎಂಬ ತಜ್ಞ ರಾಜಶಾಹಿ ಕಡೆಯ ಒಂದು ಹಳ್ಳಿಯಲ್ಲಿ ಹೊಸ ರೀತಿ ಶುರುಮಾಡಿದ. ಊರವರನ್ನು ಸೇರಿಸಿ ನೆಲದ ಮೇಲೆ ಊರಿನ ನಕ್ಷೆ ಬರೆಸೋದು, ಯಾರು ಎಲ್ಲಿ ಹೋಗ್ತಾರೆ ಅಂತ ಅರಿಷಿಣ ಪುಡಿಯಂಥ ಹಳದಿ ಪುಡಿ ಉದುರಿಸೋದು. ಆಮೇಲೆ ಎಲ್ಲರೂ ಆ ಜಾಗದಲ್ಲಿ ಮೂಗು ಮುಚ್ಚಿಕೊಳ್ಳದೆ ನಡೆಯೋದು. ಕೊನೆಗೆ ಒಂದು ಲೋಟ ನೀರಿಗೆ, ಮಲ ಮುಟ್ಟಿಸಿದ ಕೂದಲೆಳೆ ಅದ್ದಿ ‘ಕುಡೀತೀರಾ’ ಅಂತ ಕೇಳೋದು. ಯಾರೂ ಕುಡಿಯೋದಿಲ್ಲ. ನೊಣದ ಕಾಲಿಗೆ ಇದಕ್ಕಿಂತ ಹೆಚ್ಚು ಅಂಟುತ್ತೆ ಅಂತ ಅವರಿಗೇ ಹೊಳೆಯುತ್ತೆ. ಸಹಾಯಧನ ಇಲ್ಲ, ಹೊಳೆದ ಊರು ತಾನೇ ಕಟ್ಟಿಕೊಳ್ಳುತ್ತೆ.

ಮನೆಗಳ ನಡುವೆ ಹೆಚ್ಚು ಅಂತರ ಇಲ್ಲದ ಊರಲ್ಲಿ ಇದು ನಡೀಬಹುದು. ನಮ್ಮಲ್ಲಿ ಊರು ಅಂದ್ರೆ ಒಂದಲ್ಲ, ಎರಡು: ಊರು ಮತ್ತು ಕೇರಿ. ನಾಚಿಕೆ ಕೂಡ ಇಳಿಜಾರು ಹಿಡಿದು ಕೇರಿಗೇ ಹರಿಯುತ್ತೆ. ಸ್ವಂತ ಹೊಲ ಇದ್ದವನನ್ನು ಸೀಟಿ ಊದಿ ಎಬ್ಬಿಸಿದವರನ್ನು ನಾನು ಕಂಡಿಲ್ಲ. ಅವನು ತನ್ನ ಹೊಲಕ್ಕೆ ಹೋಗ್ತಾನೆ. ಹೊಲ ಇಲ್ಲದವನು, ಜಾಗ ಇಲ್ಲದವನು ರಸ್ತೆ ಪಕ್ಕ ಕೂರ್ತಾನೆ, ಸಿಗೋದು ಅವನೇ. 2019ರ ಸೆಪ್ಟೆಂಬರ್ 25ರಂದು ಮಧ್ಯಪ್ರದೇಶದ ಶಿವಪುರಿ ಜಿಲ್ಲೆಯ ಭಾವ್‌ಖೇಡಿಯಲ್ಲಿ, ಬಯಲಿಗೆ ಕೂತಿದ್ದ ಇಬ್ಬರು ದಲಿತ ಮಕ್ಕಳನ್ನು ಬಡಿದು ಕೊಂದರು. ಆ ಊರು ಬಯಲು ಶೌಚ ಮುಕ್ತ ಅಂತ ದಾಖಲೆಯಲ್ಲಿತ್ತು. ಆ ಮಕ್ಕಳ ಮನೆಯಲ್ಲಿ ಸಂಡಾಸ ಇರಲಿಲ್ಲ. ಒಂದು ವಾರಕ್ಕೆ ಗ್ರಾಮೀಣ ಭಾರತವೇ ಬಯಲು ಶೌಚ ಮುಕ್ತ ಅಂತ ಘೋಷಣೆ ಆಯ್ತು.

ನಮ್ಮ ರಾಜ್ಯದ್ದೇ ಹಾವೇರಿ ಜಿಲ್ಲೆಯನ್ನೂ ಮರೆಯೋದು ಬೇಡ. 2010ರ ಜುಲೈನಲ್ಲಿ ಸವಣೂರಿನ ಭಂಗಿ ಕುಟುಂಬಗಳನ್ನು ಅವರು ಇದ್ದ ಜಾಗದಿಂದ ಎಬ್ಬಿಸಲು ಹೊರಟಾಗ, ಅವರು ಪುರಸಭೆಯ ಎದುರು ಮೈಮೇಲೆ ಮಲ ಸುರಿದುಕೊಂಡರು. ನಮ್ಮ ಬಸವಲಿಂಗಪ್ಪನವರು 70ರ ದಶಕದ ಆರಂಭದಲ್ಲೇ, ಅರಸು ಸರ್ಕಾರದ ಮಂತ್ರಿಯಾಗಿ, ತಲೆ ಮೇಲೆ ಮಲ ಹೊರೋದನ್ನು ನಿಷೇಧಿಸಿದ್ದ ರಾಜ್ಯ ಇದು. ಅತ್ತ ನಿರ್ಮಲ ಗ್ರಾಮಗಳಿಗೆ ಪುರಸ್ಕಾರ ಕೊಡ್ತಾ ಇದ್ದ ವರ್ಷಗಳಲ್ಲೇ ಇತ್ತ ಸವಣೂರು ನಡೆಯಿತು. ಸಂಡಾಸ ಎಣಿಸುವವರ ಪಟ್ಟಿಯಲ್ಲಿ ಸಂಡಾಸ ತೊಳೆಯುವವರು ಇರಲಿಲ್ಲ.

ಎಣಿಕೆಯ ಮಾತು ಬಂತು, ನಾನು ಗುಮಾಸ್ತ, ಅದನ್ನು ಬಿಡಲಾರೆ. 2012ರ ಬೇಸ್‌ಲೈನ್ ಸರ್ವೆಯಲ್ಲಿ ಹೆಸರಿದ್ದ ಮನೆಗಳನ್ನಷ್ಟೇ ಲೆಕ್ಕ ಹಿಡಿದು ಊರುಗಳನ್ನು ಮುಕ್ತ ಅಂದರು. ಸರ್ವೆಯಲ್ಲಿ ಬಿಟ್ಟು ಹೋದವರು, ಆಮೇಲೆ ಮದುವೆಯಾಗಿ ಬೇರೆ ಮನೆ ಮಾಡಿದವರು ಬಹಳ ದಿನ ಲೆಕ್ಕಕ್ಕೇ ಬರಲಿಲ್ಲ. ಲೆಕ್ಕಕ್ಕೆ ಬಂದವರದ್ದು ಫಲಾನುಭವಿ ಸಂಡಾಸದ ಎದುರು ನಿಂತ ಫೋಟೋ. ಆ ಫೋಟೋದಲ್ಲಿ ಬಾಗಿಲು ಕಾಣುತ್ತೆ, ಗುಂಡಿ ಕಾಣೋದಿಲ್ಲ. ಯಾವುದನ್ನು ಎಣಿಸ್ತೀವೋ ಅದನ್ನೇ ಜನ ಕಟ್ತಾರೆ. ಬಾಗಿಲು ಎಣಿಸಿದೆವು, ಬಾಗಿಲು ಸಿಕ್ಕವು.

ಈಗ ಮತ್ತೆ ನನ್ನ ಸಹೋದ್ಯೋಗಿಯ ಗುಂಡಿಗೆ ಬರ್ತೀನಿ.

ಫೋನಿನಲ್ಲಿ ನಾನು ಬೈಯಲಿಲ್ಲ. “ಸರ್ರ, ಯಾರನ್ನೂ ಕರಿಬ್ಯಾಡ್ರಿ, ಯಾರನ್ನೂ ಇಳಸಬ್ಯಾಡ್ರಿ. ರವಿವಾರ ನಾನ ಬರ್ತೀನಿ” ಅಂದೆ. ಗುಂಡಿಯೊಳಗೆ ಮನುಷ್ಯನನ್ನು ಇಳಿಸಿದರೆ ಮೊದಲ ತಪ್ಪಿಗೇ ಎರಡು ವರ್ಷದ ತನಕ ಜೈಲು, ಎರಡು ಲಕ್ಷದ ತನಕ ದಂಡ, ಇಲ್ಲಾಂದ್ರೆ ಎರಡೂ ಅನ್ನೋದನ್ನೂ ಹೇಳಿದೆ. ಒಳಗಿನ ವಿಷಗಾಳಿ ಎರಡು ಉಸಿರಿಗೆ ಮನುಷ್ಯನನ್ನು ಬೀಳಿಸುತ್ತೆ ಅಂತಲೂ ಹೇಳಿದೆ.

ರವಿವಾರ ಹೋದೆ. ಅವರು 2016ರಲ್ಲಿ ಕಟ್ಟಿಸಿದ ಸಂಡಾಸ. ಸಹಾಯಧನದ ಮೇಲೆ ಕೈಯಿಂದ ರೊಕ್ಕ ಹಾಕಿ 5 ಅಡಿ ಅಗಲ, 10 ಅಡಿ ಆಳದ ಒಂದೇ ಗುಂಡಿ, ಸಿಮೆಂಟ್ ರಿಂಗು ಇಳಿಸಿದ್ದಾರೆ. ಮನೆಯಲ್ಲಿ ಐದು ಜನ. ಅವರ ಮಗನ ಮೊಬೈಲಿನಲ್ಲೇ ಲೆಕ್ಕ ಹಾಕಿದೆವು. ಆ ಗುಂಡಿಯಲ್ಲಿ ಹಿಡಿಯೋದು ಐದೂವರೆ ಸಾವಿರ ಲೀಟರ್. ವರ್ಷಕ್ಕೆ 200 ಲೀಟರಿನಂತೆ ಅದು ತುಂಬಲು 27 ವರ್ಷ ಬೇಕು. ಕಟ್ಟಿಸಿ ಹತ್ತು ವರ್ಷವೂ ಆಗಿರಲಿಲ್ಲ. ಹೆಚ್ಚೆಂದರೆ ಎರಡು ಸಾವಿರ ಲೀಟರ್ ಮಲ ಇರಬೇಕು. ಉಳಿದದ್ದು ಏನು?

“ಸರ್ರ, ಬ್ಯಾಸಗಿಯೊಳಗ ಹಿಂಗ ಆಗತಿತ್ತೇನ್ರಿ?” ಅಂತ ಕೇಳಿದೆ.

“ಇಲ್ಲಪಾ, ಮಳಿ ಹತ್ತಿದ್ರ ಅಷ್ಟ.”

“ಬಚ್ಚಲ ನೀರು ಎಲ್ಲಿಗಿ ಹೋಗತೈತ್ರಿ?”

ಅವರು ಮಗನ ಮುಖ ನೋಡಿದರು. ಬಚ್ಚಲ ಪೈಪನ್ನೂ ಗೌಂಡಿ ಅದೇ ಗುಂಡಿಗೆ ಜೋಡಿಸಿದ್ದ. ಐದು ಜನರ ಸ್ನಾನ, ಬಟ್ಟೆ, ಪಾತ್ರೆಯ ನೀರು ದಿನಾ ಒಳಗೆ. ನಮ್ಮದು ಎರಿ ಭೂಮಿ. ಎರಿ ಮಣ್ಣು ಬೇಸಿಗೆಯಲ್ಲಿ ಬಿರುಕು ಬಿಡುತ್ತೆ, ಮಳೆಗೆ ಉಬ್ಬಿ ಬಿಗಿದುಕೊಳ್ಳುತ್ತೆ, ನೀರು ಕುಡಿಯೋದಿಲ್ಲ. ಇಂಥ ನೆಲದಲ್ಲಿ ಗುಂಡಿಯ ಹೊರ ಸುತ್ತಿಗೆ ಒಂದಡಿ ದಪ್ಪ ಮರಳು, ಸಣ್ಣ ಖಡಿ ತುಂಬಬೇಕು ಅನ್ನೋದು ನಿಯಮ. ಅದನ್ನೂ ಮಾಡಿರಲಿಲ್ಲ. ಅಂದ್ರೆ ಗುಂಡಿ ತುಂಬಿದ್ದು ಮಲದಿಂದ ಅಲ್ಲ, ಬಚ್ಚಲ ನೀರಿನಿಂದ. ಅವರಿಗೆ ಬೇಕಾಗಿದ್ದು ನಮ್ಮ ಓಣಿಯ ಹುಡುಗ ಅಲ್ಲ, ಹತ್ತಡಿ ಪೈಪು.

ನನ್ನ ಎದೆಗೆ ನಾಟಿದ್ದು ಇದೇ. ಗುಂಡಿ ಯಾಕೆ ತುಂಬಿತು ಅಂತ ಯೋಚಿಸುವ ಮೊದಲೇ ‘ನಿಮ್ಮ ಓಣ್ಯಾಗ ಯಾರರ ಅದಾರೇನು’ ಅನ್ನೋ ಮಾತು ಬಾಯಿಗೆ ಬಂದಿತ್ತು. ಜಾತಿ ಅಂದ್ರೆ ಅಸಹ್ಯ ಮಾತ್ರ ಅಲ್ಲ, ಯೋಚನೆ ಮಾಡದೆ ಇರುವ ಸೌಕರ್ಯ. ಗುಂಡಿ ತುಂಬಿದರೆ ಲೆಕ್ಕ ಹಾಕಬೇಕಿಲ್ಲ, ಪೈಪು ನೋಡಬೇಕಿಲ್ಲ, ಒಬ್ಬನನ್ನು ಕರೆದರೆ ಆಯ್ತು.

ಆಮೇಲೆ ಏನು ಮಾಡಿದೆವು ಅಂದ್ರೆ, ಬಚ್ಚಲ ನೀರನ್ನು ಬೇರೆ ಮಾಡಿ ಹಿತ್ತಲಿನ ಬಾಳೆಗಿಡದ ಕಡೆ ತಿರುಗಿಸಿದರು. ನೀರು ಇಳಿಯತೊಡಗಿತು. ಜೊತೆಗೆ ಮೂರು ಅಡಿ ಆಚೆ ಎರಡನೇ ಗುಂಡಿ ತೋಡಿಸಿ, ಸುತ್ತ ಮರಳು ತುಂಬಿಸಿ, ನಡುವೆ ಚೇಂಬರ್ ಕಟ್ಟಿಸಿದರು. ಹಳೇ ಗುಂಡಿಯ ದಾರಿ ಮುಚ್ಚಿದೆವು. ಅದನ್ನು ಈಗ ಯಾರೂ ಮುಟ್ಟಬೇಕಾಗಿಲ್ಲ, ಅದು ಸುಮ್ಮನೆ ಕಳಿಯುತ್ತೆ. ಆದರೆ ಒಂದು ಮಾತು: ಮಲಪ್ರಭೆ ದಂಡೆಯ ರಾಮದುರ್ಗ ಕಡೆಯವರು ಇದನ್ನು ಹಾಗೇ ನಕಲು ಮಾಡಬೇಡಿ. ನೆಲದ ನೀರು ಮೇಲೆಯೇ ಇರುವ ಕಡೆ, ಹೊಳೆ ಏರುವ ಕಡೆ ಗುಂಡಿಯನ್ನು ನೆಲಮಟ್ಟದಿಂದ ಎತ್ತರಿಸಿ ಕಟ್ಟಬೇಕು. ಕುಡಿಯುವ ಬಾವಿಯಿಂದ ಕನಿಷ್ಠ 10 ಮೀಟರ್ ದೂರ ಇರಬೇಕು.

ನಮ್ಮ ಓಣಿಯಲ್ಲಿ ಏನಾಗಿದೆ ನೋಡೋಣ ಅಂತ ಆ ವಾರವೇ ಒಂದೊಂದು ಮನೆಯ ಚೇಂಬರ್ ಮುಚ್ಚಳ ಎತ್ತಿಸಿದೆ. ಎರಡು ಗುಂಡಿ ಇದ್ದ ಮನೆಗಳಲ್ಲೂ ಕೆಲವು ಕಡೆ ಎರಡೂ ದಾರಿ ತೆರೆದೇ ಇದ್ದವು. ಗೌಂಡಿ ಒಂದರ ಬಾಯಿ ಮುಚ್ಚದೆ ಹೋಗಿದ್ದಾನೆ, ಯಾರೂ ಹೇಳಿಲ್ಲ. ಹಾಗಿದ್ದರೆ ಎರಡೂ ಒಟ್ಟಿಗೆ ತುಂಬ್ತವೆ, ಒಟ್ಟಿಗೆ ಹಸಿಯಾಗೇ ಇರ್ತವೆ. ಹೆಸರಿಗೆ ಎರಡು ಗುಂಡಿ, ಕೆಲಸಕ್ಕೆ ಒಂದು. ಎರಡು ಇಟ್ಟಿಗೆ, ಒಂದು ಬೊಗಸೆ ಮಣ್ಣು, ಅಷ್ಟೇ ತಪ್ಪಿಹೋಗಿರೋದು. ನಿಮ್ಮ ಮನೆಯ ಮುಚ್ಚಳವನ್ನೂ ಒಮ್ಮೆ ಎತ್ತಿ ನೋಡಿ.

ಮುಂದೆ ಯಾವ ಸರ್ಕಾರ ಯಾವ ಹೆಸರಿನಲ್ಲಿ ಸ್ವಚ್ಛತೆಯ ಪ್ರಚಾರಕ್ಕೆ ಬಂದರೂ ನಾವು ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಬೇಕಾದ್ದು ಎರಡೇ ಮಾತು. ಒಂದು, ಫೋಟೋ ಬಾಗಿಲಿನದ್ದಲ್ಲ, ಚೇಂಬರಿನದ್ದು ತೆಗೀರಿ. ಎರಡು, ಗುಂಡಿ ತುಂಬಿದ ಮನೆಗೆ ಹೋಗಿ ‘ಯಾರು ತೆಗೆದರು’ ಅಂತ ಬರಕೊಳ್ಳಿ. ಆ ಕಾಲಮ್ಮಿನಲ್ಲಿ ‘ಮನೆಯವರು’ ಅಂತ ಬಿದ್ದ ದಿನ ನಡವಳಿಕೆ ಬದಲಾಯ್ತು ಅಂತ ಒಪ್ಪೋಣ. ಸೀಟಿ ಊದೋದು, ಸೆರಗಿನ ಚಿತ್ರ ಬರೆಯೋದು ಸಾಕು. ಊರಿನ ನಡುವೆ, ಎಲ್ಲರ ಎದುರು, ಕಳಿತ ಗುಂಡಿಯನ್ನು ಊರಿನ ಹಿರೇ ಮನೆಯವರೇ ತೆಗೆದು ತೋರಿಸಲಿ.

ನಮ್ಮ ಹಿರಿಯರ ಮನೆಯ ಮುಚ್ಚಿದ ಗುಂಡಿಗೆ ಎರಡು ವರ್ಷ ತುಂಬಲು ಇನ್ನೂ ಸಮಯ ಇದೆ. ಮೊನ್ನೆ ಕಚೇರಿಯಲ್ಲಿ ಚಹಾ ಕುಡಿಯುವಾಗ ಅವರೇ ಕೇಳಿದರು.

“ಹೌದಪಾ, ಎರಡ ವರ್ಷ ಆದ ಮ್ಯಾಲ ಅದನ್ನ ತಗಿಯೋರು ಯಾರು?”

“ನೀವ ತಗೀತೀರಿ ಸರ್ರ. ನಾನ ಸಲಿಕಿ ತರ್ತೀನಿ, ದಂಡಿಗಿ ನಿಂದರ್ತೀನಿ” ಅಂದೆ.

ಅವರು ನಗಲಿಲ್ಲ, ಸಿಟ್ಟಾಗಲೂ ಇಲ್ಲ. ಚಹಾದ ಕಪ್ಪು ಕೆಳಗಿಟ್ಟು ಕಿಟಕಿ ಕಡೆ ನೋಡಿದರು. ಹೂಂ ಅಂದಿಲ್ಲ, ಊಹೂಂ ಅಂದಿಲ್ಲ.

ಬಂಧುತ್ವವನ್ನು ಸೋಪಿನ ಹಾಗೆ ಮಾರಬಹುದಾ ಅಂತ ಆ ಅಮೆರಿಕಾದವನು ಕೇಳಿದ್ದ. ಬಾಬಾಸಾಹೇಬರು ಅದನ್ನು ಸಂವಿಧಾನದ ಮೊದಲ ಪುಟದಲ್ಲೇ ನಮಗೆ ಕೊಟ್ಟು ಹೋಗಿದ್ದಾರೆ. ನಮ್ಮ ಊರಲ್ಲಿ ಅದರ ಪರೀಕ್ಷೆ ಆ ಗುಂಡಿಯ ದಂಡೆಯ ಮೇಲೆ ನಡೆಯುತ್ತೆ. ದಿನಾಂಕ ಡೈರಿಯಲ್ಲಿ ಬರೆದಿಟ್ಟಿದ್ದೀನಿ. ಸಲಿಕೆ ತಗೊಂಡು ಹೋಗ್ತೀನಿ. ಏನಾಯ್ತು ಅಂತ ಇಲ್ಲೇ ಬರೀತೀನಿ.

ಜೈಭೀಮ್.